ನಲವತ್ತು ಸಾವಿರದ ಮರ್ಯಾದೆ

ಉಮಾಮಹೇಶ್ವರಿ ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ರೈಲ್ವೆ ಸ್ಟೇಷನ್ ರಸ್ತೆಯ ಒಂದು ಖಾನಾವಳಿಯ ಹಿಂದಿನ ಮನೆಯಲ್ಲಿ. ಖಾನಾವಳಿ ಅವಳ ಅಪ್ಪನದೇ. ಏಳನೇ ಕ್ಲಾಸಿನವರೆಗೆ ಓದಿದಳು. ಆಮೇಲೆ ರೊಟ್ಟಿ ಬಡಿಯುವುದಕ್ಕೂ ಬಡಿಸುವುದಕ್ಕೂ ಕೈ ಬೇಕಾಗಿತ್ತು, ಶಾಲೆ ಅಲ್ಲಿಗೆ ನಿಂತಿತು. ಒಂದು ವರ್ಷ ಅಪ್ಪ ಹಳೆಯ ಸಣ್ಣ ತಾಟುಗಳನ್ನು ಗುಜರಿಗೆ ಹಾಕಿ ಅಗಲವಾದ ಸ್ಟೀಲಿನ ತಾಟು ತಂದ. ಬರುವ ಗಿರಾಕಿಗಳು ಅವರೇ, ಹಸಿವೂ ಅದೇ. ಆದರೆ ತಿಂಗಳ ಕೊನೆಗೆ ನೋಡಿದರೆ ಎರಡು ಚೀಲ ಅಕ್ಕಿ ಹೆಚ್ಚಿಗೆ ಬೆಂದಿತ್ತು. ಖಾಲಿ ಜಾಗ ಕಂಡರೆ ಬಡಿಸುವವರ ಕೈ ಸುಮ್ಮನಿರುವುದಿಲ್ಲ, ಉಣ್ಣುವವರೂ ಸಾಕು ಅನ್ನುವುದಿಲ್ಲ. ಅಪ್ಪ ಬೈದುಕೊಂಡು ಮತ್ತೆ ಸಣ್ಣ ತಾಟು ತಂದ. ಇದನ್ನು ಅವಳಿಗೆ ಯಾರೂ ಪಾಠ ಮಾಡಿ ಹೇಳಲಿಲ್ಲ; ಕಣ್ಣಾರೆ ಕಂಡಳು.

ಮದುವೆಯಾಗಿ ದಾವಣಗೆರೆಗೆ ಬಂದಳು. ಗಂಡ ನಾಗಭೂಷಣ ಹರಿಹರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮನೆ ಎಸ್.ಎಸ್. ಬಡಾವಣೆಯಲ್ಲಿ, ಬಾಡಿಗೆಯದು. ಮನೆಯಲ್ಲಿ ಇವರಿಬ್ಬರು, ಒಂದನೇ ಕ್ಲಾಸಿಗೆ ಹೋಗುವ ಮಗಳು ಅಂಕಿತಾ, ಮತ್ತೆ ಮಾವ ಪರಮೇಶ್ವರಪ್ಪ. ಕಾರ್ಖಾನೆಯ ಬಸ್ಸು ಬೆಳಿಗ್ಗೆ ತಿರುವಿನಲ್ಲಿ ಬಂದು ನಿಲ್ಲುತ್ತಿತ್ತು. ನಾಗಭೂಷಣ ಇಸ್ತ್ರಿಯ ಅಂಗಿ ಹಾಕಿಕೊಂಡು, ಕೈಯಲ್ಲಿ ಬುತ್ತಿ ಹಿಡಿದು ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಇಸ್ಪೀಟಿನ ಎಲೆ ಆಟವಿಲ್ಲ. ನಾಲ್ಕು ಜನರ ಎದುರು ಸಣ್ಣವನಾಗಿ ಕಾಣಬಾರದು ಅನ್ನುವುದೊಂದೇ ಅವನ ಚಪಲ.

ಪರಮೇಶ್ವರಪ್ಪನವರು ಚೌಕಿಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಬಾಳೆಲ್ಲ ಗುಮಾಸ್ತರಾಗಿದ್ದವರು. ಸಾಲಕ್ಕೆ ಒಯ್ದ ಮಾಲಿನ ಉದ್ರಿ ಬರೆಯುವುದು ಅವರ ಕೆಲಸ. ಯಾವ ಹಳ್ಳಿಯ ಯಾವ ಗೌಡನಿಗೆ ಎಷ್ಟು ಉದ್ರಿ ಕೊಡಬಹುದು ಅಂತ ಸಾಹುಕಾರ ಅವರನ್ನೇ ಕೇಳುತ್ತಿದ್ದನಂತೆ. ಉದ್ರಿ ಹೆಚ್ಚಿಸಿದರೆಂದರೆ ಊರಿನಲ್ಲಿ ಆ ಮನೆಗೆ ಹೆಸರಿದೆ ಎಂದರ್ಥ. ಅವರ ಪೇಟೆಯಲ್ಲಿ ಇನ್ನೊಂದು ರೂಢಿ ಇತ್ತು. ಗಿರಾಕಿ ದೀಪಾವಳಿಗೆ ಲೆಕ್ಕ ತೀರಿಸುವಾಗ ಪೂರಾ ತೀರಿಸುತ್ತಿರಲಿಲ್ಲ. ಐದೋ ಹತ್ತೋ ರೂಪಾಯಿ ಬಾಕಿ ಉಳಿಸುತ್ತಿದ್ದ. ಚುಕ್ತಾ ಮಾಡಿದರೆ ಋಣ ಹರಿಯಿತು, ಇನ್ನು ನಿಮ್ಮಂಗಡಿ ಮೆಟ್ಟಿಲು ಹತ್ತುವುದಿಲ್ಲ ಅಂದ ಹಾಗೆ. ಸಾಹುಕಾರನೂ ಆ ಹತ್ತು ರೂಪಾಯಿಯನ್ನು ಕೇಳುತ್ತಿರಲಿಲ್ಲ, ಬಡ್ಡಿಯನ್ನಂತೂ ಹಾಕುತ್ತಿರಲಿಲ್ಲ.

ನಾಗಭೂಷಣನ ಕೈಗೆ ಕ್ರೆಡಿಟ್ ಕಾರ್ಡು ಬಂದದ್ದು ತೊಂಬತ್ತಾರನೇ ಇಸವಿಯಲ್ಲಿ. ಬೆಂಗಳೂರಿನಿಂದ ಟೈ ಕಟ್ಟಿದ ಹುಡುಗನೊಬ್ಬ ಕಾರ್ಖಾನೆಯ ಕ್ಯಾಂಟೀನಿಗೆ ಬಂದು ಫಾರಂ ತುಂಬಿಸಿಕೊಂಡು ಹೋಗಿದ್ದ. ಮೊದಲು ಹತ್ತು ಸಾವಿರದ ಮಿತಿ, ಅಂದರೆ ಒಟ್ಟು ಬಾಕಿ ಅಷ್ಟರವರೆಗೆ ಹೋಗಬಹುದು. ಮರುವರ್ಷ ಹದಿನೈದಾಯಿತು. ದಾವಣಗೆರೆಯಲ್ಲಿ ಆಗ ಕಾರ್ಡು ತೆಗೆದುಕೊಳ್ಳುವ ಅಂಗಡಿಗಳು ಬೆರಳೆಣಿಕೆಯಷ್ಟು. ಎರಡು ಜವಳಿ ಅಂಗಡಿ, ಒಂದು ಟೀವಿ ಅಂಗಡಿ, ಒಂದು ಪೆಟ್ರೋಲ್ ಬಂಕು, ಎಸಿ ರೂಮಿನ ಒಂದು ಹೋಟೆಲು. ಮೊದಲು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುತ್ತಿದ್ದ ಮನುಷ್ಯ ಈಗ ಎಲ್ಲಿ ಕಾರ್ಡು ನಡೆಯುತ್ತದೋ ಅಲ್ಲಿಗೆ ಹೋಗತೊಡಗಿದ. ಚೌಕಾಸಿ ಬಿಟ್ಟ. ಮಿತಿ ಹತ್ತು ಸಾವಿರ ಇದ್ದಾಗ ತಿಂಗಳ ಬಿಲ್ಲು ಎರಡು ಸಾವಿರದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಹದಿನೈದಾದ ಮೇಲೆ ಮೂರರ ಹತ್ತಿರ. ಸಂಬಳ ಮಾತ್ರ ಅದೇ ಆರೂವರೆ ಸಾವಿರ. ಉಮಾಮಹೇಶ್ವರಿ ಇದನ್ನು ನೋಡುತ್ತಿದ್ದಳು, ಆಡುತ್ತಿರಲಿಲ್ಲ.

ಆಡದಿದ್ದರೂ ಅವಳಿಗೊಂದು ಅಂಜಿಕೆ ಇತ್ತು. ದೇವರಾಜ ಅರಸು ಬಡಾವಣೆಯಲ್ಲಿ ಗುತ್ತೆಪ್ಪ ಎಂಬವರ ಹತ್ತಿರ ಮೂವತ್ತು-ನಲವತ್ತರ ಸೈಟೊಂದನ್ನು ಮಾತಾಡಿದ್ದರು. ಎಂಬತ್ತನಾಲ್ಕು ಸಾವಿರಕ್ಕೆ ಒಪ್ಪಿ, ಕಂತಿನಲ್ಲಿ ಐವತ್ತೆರಡು ಕೊಟ್ಟಾಗಿತ್ತು. ಉಳಿದ ಮೂವತ್ತೆರಡನ್ನು ಬರುವ ಮಾರ್ಚಿ ಮುಗಿಯುವುದರೊಳಗೆ ಕೊಟ್ಟು ರಿಜಿಸ್ಟ್ರಿ ಮಾಡಿಸಿಕೊಳ್ಳಬೇಕು. ತಪ್ಪಿದರೆ ಕರಾರು ಮುರಿದ ಹಾಗೆ. ಅದಕ್ಕೆಂದೇ ಅವಳ ಹೆಸರಿನಲ್ಲಿ ಪೋಸ್ಟಾಫೀಸಿನಲ್ಲಿ ದುಡ್ಡು ಕೂಡುತ್ತಿತ್ತು. ಖಾನಾವಳಿಯ ಹಿಂದೆ ಹುಟ್ಟಿದವಳು, ಬಾಡಿಗೆ ಮನೆಗೆ ಬಂದವಳು. ತನ್ನದು ಅನ್ನುವ ಬಾಗಿಲಿಗೆ ಇನ್ನೂ ರಂಗೋಲಿ ಹಾಕಿರಲಿಲ್ಲ.

ತೊಂಬತ್ತೆಂಟರ ದಸರೆಯ ಹಿಂಚುಮುಂಚಿನಲ್ಲಿ ಆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಪರಮೇಶ್ವರಪ್ಪನವರಿಗೆ ಇಂಗ್ಲಿಷ್ ಅಂಕಿ ಚೆನ್ನಾಗಿ ಬರುತ್ತಿತ್ತು. ಕನ್ನಡಕ ಏರಿಸಿ ನೋಡಿದರು. ನಲವತ್ತು ಸಾವಿರ ಎಂದು ಕಂಡಿತು. ಸಂಜೆ ಮಗ ಬಂದು ಓದಿ ಹೇಳಿದ ಮೇಲೆ ಪೂರಾ ತಿಳಿಯಿತು. ನೀವು ನಮ್ಮ ಆಯ್ದ ಗ್ರಾಹಕರು, ನಿಮ್ಮ ವ್ಯವಹಾರ ನೋಡಿ ಸಂತೋಷವಾಗಿದೆ, ಮಿತಿಯನ್ನು ಹದಿನೈದರಿಂದ ನಲವತ್ತಕ್ಕೆ ಏರಿಸಲು ಬಯಸುತ್ತೇವೆ, ಒಪ್ಪಿಗೆಯಿದ್ದರೆ ಕೆಳಗೆ ಸಹಿ ಮಾಡಿ ಕಳಿಸಿ ಅಂತ.

ಮಾವನವರು ಎದ್ದು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು.

‘ನಮ್ಮ ಅಂಗಡ್ಯಾಗ ನಲವತ್ತು ಸಾವಿರ ಉದ್ರಿ ಮೂರೇ ಮನೆತನಕ್ಕಿತ್ತು ಕಣಮ್ಮ’ ಅಂದರು ಸೊಸೆಗೆ. ‘ಊರಾಗ ವಿಚಾರಿಸ್ಯಾರೆ. ಸುಮ್ಮನೆ ಕೊಡಲ್ಲ ಯಾರೂ. ಹೆಚ್ಚಿಸ್ತೀವಿ ಅಂದಾಗ ಬ್ಯಾಡ ಅಂದ್ರೆ ಅವರ ಮುಖಕ್ಕೆ ಹೊಡ್ದಂಗೆ ಆಗ್ತೈತೆ.’

ನಾಗಭೂಷಣ ಪೆನ್ನು ತೆಗೆದ. ಉಮಾಮಹೇಶ್ವರಿ ಆಗಷ್ಟೇ ಒಂದು ಮಾತು ಅಂದಳು:

‘ರೀ, ಸೈಟಿಂದು ಮುಗೀಲಿ. ಆಮೇಲೆ ಮಾಡಿದ್ರಾಯ್ತು.’

‘ಸೈಟಿನ ದುಡ್ಡಿಗೂ ಇದಕ್ಕೂ ಏನು ಸಂಬಂಧ? ಅದು ನಮ್ದು, ಇದು ಬ್ಯಾಂಕಿಂದು. ಮಿತಿ ಏರಿದ್ರೆ ಖರ್ಚು ಮಾಡ್ಲೇಬೇಕು ಅಂತ ಐತೇನು? ಇರ್ಲಿ ಅಂತ, ಆಪತ್ತಿಗೆ.’

ಆದರೂ ಹೆಂಡತಿ ಬಾಯಿ ತೆಗೆದು ಬೇಡ ಅಂದದ್ದು ಅಪರೂಪವಾದ್ದರಿಂದ ಅವತ್ತು ಸಹಿ ಮಾಡಲಿಲ್ಲ. ಕಾಗದವನ್ನು ದೇವರ ಗೂಡಿನ ಪಕ್ಕ ಇಟ್ಟ.

ಅದೇ ವಾರ ಹರಿಹರದಿಂದ ಕೊಟ್ರಮ್ಮ ಬಂದಳು. ಪರಮೇಶ್ವರಪ್ಪನವರ ತಂಗಿ. ಮಗಳು ಶಿವಲೀಲಾಳ ಮದುವೆ ಗೊತ್ತಾಗಿತ್ತು, ದೀಪಾವಳಿ ಕಳೆದ ಮೇಲೆ. ಜವಳಿ ತೆಗೆಯುವುದು ದಾವಣಗೆರೆಯಲ್ಲೇ, ಅಣ್ಣನ ಮುಂದಾಳತನದಲ್ಲೇ ಆಗಬೇಕು ಅಂದಳು. ಗದ್ದೆಯ ಭತ್ತ ಮಾರಿ ಕೈಗೆ ದುಡ್ಡು ಬರುವುದು ಸಂಕ್ರಾಂತಿಗೆ. ಅಲ್ಲಿಯ ತನಕ ನಾಗಣ್ಣನ ಕಾರ್ಡಿನ ಮೇಲೆ ಜವಳಿ ತೆಗೆದರೆ ಆಮೇಲೆ ಕೊಟ್ಟುಬಿಡುತ್ತೇನೆ ಅಂತ ಅವಳ ಮಾತು. ಹಿಂದೆಲ್ಲ ಪರಮೇಶ್ವರಪ್ಪನವರ ಒಂದು ಮಾತಿಗೆ ಬೀಗರು ನೆಂಟರು ಉದ್ರಿ ಪಡೆಯುತ್ತಿದ್ದರು. ಈಗ ಆ ಜಾಗದಲ್ಲಿ ಮಗನ ಕಾರ್ಡು. ಮುದುಕರ ಮುಖ ಅರಳಿದ್ದನ್ನು ಉಮಾಮಹೇಶ್ವರಿ ನೋಡಿದಳು. ಹದಿನೈದು ಸಾವಿರದಲ್ಲಿ ಮದುವೆಯ ಜವಳಿ ಏಳುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಕಣ್ಣೂ ದೇವರ ಗೂಡಿನ ಕಡೆಗೆ ಹೋಯಿತು.

ಮರು ಸೋಮವಾರ ಉಮಾಮಹೇಶ್ವರಿ ಹರಿಹರೇಶ್ವರನ ಗುಡಿಗೆ ಹೋಗುತ್ತೇನೆಂದು ಹೇಳಿ ಹೋದಳು. ಗುಡಿಗೂ ಹೋದಳು. ಆಮೇಲೆ ತಮ್ಮ ಬಕ್ಕೇಶನ ಹತ್ತಿರ ಹೋದಳು. ಅವನು ಅಲ್ಲಿಯೇ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಅವನದು ಬೇರೆ ಬ್ಯಾಂಕು, ಆದರೂ ಕಾರ್ಡಿನ ವ್ಯವಹಾರ ಅವನಿಗೆ ತಿಳಿಯುತ್ತದೆ ಅಂತ ಹಿಂದಿನ ಕೆಲವು ತಿಂಗಳ ಬಿಲ್ಲುಗಳನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದಳು. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ನಿಂತು ಕೇಳಿದಳು: ಮಿತಿ ಏರಿಸುವ ಕಾಗದಕ್ಕೆ ಸಹಿ ಮಾಡಲೇಬೇಕೋ? ಮಾಡದಿದ್ದರೆ ಇರುವ ಕಾರ್ಡನ್ನೂ ಕಿತ್ತುಕೊಳ್ಳುತ್ತಾರೋ?

ಬಕ್ಕೇಶ ನಕ್ಕ. ಸಹಿ ಮಾಡದಿದ್ದರೆ ಏನೂ ಆಗುವುದಿಲ್ಲ, ಈಗಿನ ಹದಿನೈದೇ ಇರುತ್ತದೆ ಅಂದ. ಆಮೇಲೆ ಬಿಲ್ಲು ನೋಡಿದ. ನೋಡುತ್ತಾ ನೋಡುತ್ತಾ ನಗು ಹೋಯಿತು.

‘ಅಕ್ಕ, ಇದೇನು, ಭಾವಾರು ಪ್ರತಿ ತಿಂಗಳು ನೂರೈವತ್ತು ಇನ್ನೂರು ಉಳಿಸಿ ಕಟ್ಟತಾರೆ? ಕೈಯಾಗ ಇರಲ್ಲೇನು?’

‘ಇರ್ತೈತೆ. ಪೂರಾ ಕಟ್ಟಬಾರದಂತೆ. ಋಣ ಹರಿಬಾರದು ಅಂತ ಮಾವಾರು ಹೇಳ್ಯಾರೆ.’

ಬಕ್ಕೇಶ ತಲೆಯ ಮೇಲೆ ಕೈ ಇಟ್ಟುಕೊಂಡ. ಬಿಲ್ಲು ಪೂರಾ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲದ ಗಡುವು ಸಿಗುತ್ತದೆ ಅಂತ ಬಿಡಿಸಿ ಹೇಳಿದ. ಒಂದಿಷ್ಟು ಬಾಕಿ ಉಳಿಸಿದರೂ ಸಾಕು, ಆ ಗಡುವು ಹೋಯಿತು. ಮುಂದೆ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ, ತಿಂಗಳಿಗೆ ನೂರಕ್ಕೆ ಹತ್ತಿರ ಹತ್ತಿರ ಮೂರು ರೂಪಾಯಿ. ಬಿಲ್ಲಿನಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಸಾಲನ್ನು ಬೆರಳಿಟ್ಟು ತೋರಿಸಿದ. ಅದನ್ನು ನಾಗಭೂಷಣ ಕಾರ್ಡಿನ ಫೀಸು ಅಂದುಕೊಂಡಿದ್ದ. ಅದು ಬಡ್ಡಿ. ಎರಡು ವರ್ಷದಿಂದ, ಋಣ ಉಳಿಸಿದ್ದಕ್ಕೆ, ತಿಂಗಳು ತಿಂಗಳು ಹೋಗಿತ್ತು.

‘ಇದು ಸಾಹುಕಾರನ ಅಂಗಡಿ ಅಲ್ಲಕ್ಕ. ಇಲ್ಲಿ ಋಣ ಇಟ್ಕೊಂಡ್ರೆ ಅವರು ಖುಷಿ ಪಡ್ತಾರೆ, ಆದ್ರೆ ಬ್ಯಾರೆ ಕಾರಣಕ್ಕೆ.’

ಮನೆಗೆ ಬಂದವಳಿಗೆ ದೊಡ್ಡ ಕಷ್ಟ ಯಾವುದೆಂದರೆ, ಇದನ್ನು ಮಾವನ ಎದುರು ಹೇಗೆ ಹೇಳುವುದು. ಅವರ ಬಾಳಿನ ಬುದ್ಧಿಯೇ ತಪ್ಪು ಅಂದ ಹಾಗಾಗುತ್ತದೆ. ಅವರು ಸಂಜೆ ಗುಡಿ ಕಡೆ ಹೋದಾಗ ಗಂಡನಿಗೆ ಹೇಳಿದಳು. ನಾಗಭೂಷಣ ಬಿಲ್ಲುಗಳನ್ನು ಕೆಳಗೆ ಹರಡಿಕೊಂಡು ಕೂತ. ಮುಖ ಸಪ್ಪಗಾಯಿತು. ಅಪ್ಪನಿಗೆ ಹೇಳಬೇಡ ಅಂದ. ಆಯಿತು ಅಂದಳು.

ಆದರೆ ಅವಳು ಅಂದುಕೊಂಡ ಹಾಗೆ ನಡೆಯಲಿಲ್ಲ. ದೀಪಾವಳಿಯ ಬೋನಸ್ಸು ಬಂದದ್ದೇ ನಾಗಭೂಷಣ ಕಾರ್ಡಿನ ಬಾಕಿಯನ್ನು ಪೈಸೆ ಬಿಡದೆ ತೀರಿಸಿದ. ತೀರಿಸಿದ ದಿನ ಅವನ ನಡಿಗೆಯೇ ಬೇರೆಯಾಗಿತ್ತು. ಇಷ್ಟು ದಿನ ನಿಯಮ ತಿಳಿದಿರಲಿಲ್ಲ, ಈಗ ತಿಳಿಯಿತು. ಪೂರಾ ಕಟ್ಟುತ್ತಾ ಹೋದರೆ ನಲವತ್ತಾದರೇನು, ಒಂದು ಲಕ್ಷವಾದರೇನು ಅಂದ. ರೋಗ ತಿಳಿದ ಮೇಲೆ ರೋಗದ ಭಯ ಹೋಗಿ ಪಥ್ಯವೂ ಹೋದ ಹಾಗೆ. ಕಾಗದಕ್ಕೆ ಸಹಿ ಮಾಡಿ, ಹರಿಹರದ ಪೋಸ್ಟಾಫೀಸಿನಲ್ಲಿ ಡಬ್ಬಿಗೆ ಹಾಕಿ ಬಂದ. ಬಂದ ಮೇಲೆ ಹೇಳಿದ. ಉಮಾಮಹೇಶ್ವರಿ ಒಲೆ ಕಡೆ ತಿರುಗಿ ನಿಂತಳು.

ಜವಳಿ ತೆಗೆಯಲು ಹರಿಹರದಿಂದ ಟೆಂಪೋ ಮಾಡಿಕೊಂಡು ಬಂದರು, ಹದಿನಾಲ್ಕು ಜನ. ಅಂಗಡಿಯ ಗಾದಿಯ ಮೇಲೆ ಹೆಂಗಸರೆಲ್ಲ ಕಾಲು ಮಡಚಿ ಕೂತರು. ಪರಮೇಶ್ವರಪ್ಪನವರಿಗೆ ದಿಂಬು ಕೊಟ್ಟು ನಡುವೆ ಕೂಡಿಸಿದರು. ಹುಡುಗಿಯ ಸೋದರಮಾವ ಅವರು, ಧಾರೆ ಸೀರೆ ಅವರ ಕಡೆಯಿಂದಲೇ ಆಗಬೇಕು. ಟೀ ಬಂತು, ಆಮೇಲೆ ಸೀರೆಗಳು ಬಂದವು.

ಉಮಾಮಹೇಶ್ವರಿ ಬಹಳ ಮದುವೆಗಳ ಜವಳಿಗೆ ಕೂತವಳು. ಹಿಂದೆ ಹೇಗಾಗುತ್ತಿತ್ತು ಅಂದರೆ, ಹಿರಿಯ ಹೆಂಗಸಿನ ಸೊಂಟದ ಚೀಲದಲ್ಲಿ ದುಡ್ಡಿರುತ್ತಿತ್ತು. ಒಂದೊಂದು ಸೀರೆಗೂ ಎಲ್ಲರ ಕಣ್ಣು ಆ ಚೀಲಕ್ಕೆ ಹೋಗಿ ಬರುತ್ತಿತ್ತು. ಚೀಲ ತೆಳ್ಳಗಾದ ಹಾಗೆ ನಾದಿನಿಯರ, ಓರಗಿತ್ತಿಯರ ಸೀರೆಯೂ ತೆಳ್ಳಗಾಗುತ್ತಿತ್ತು. ಈ ಸಲ ಚೀಲ ಯಾರಿಗೂ ಕಾಣಲಿಲ್ಲ. ನಾಗಣ್ಣನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಚೀಟಿ, ಅದರಲ್ಲಿ ನಲವತ್ತು ಸಾವಿರ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಪರಮೇಶ್ವರಪ್ಪನವರೇ ಹೇಳಿದ್ದರು. ಹದಿನೆಂಟರಲ್ಲಿ ಮುಗಿಸಬೇಕು ಅಂತ ಕೊಟ್ರಮ್ಮ ಮನೆಯಿಂದ ಎಣಿಸಿಕೊಂಡು ಬಂದಿದ್ದಳು. ಆದರೆ ಎಂಟುನೂರರ ಸೀರೆ ನೋಡುತ್ತಿದ್ದವಳ ಮುಂದೆ ಸಾವಿರದ ಇನ್ನೂರರದನ್ನು ಬಿಚ್ಚಿದಾಗ ಯಾರೂ ತಡೆಯಲಿಲ್ಲ.

‘ಇದನ್ನ ತಗಳ್ಳೇ ಅತ್ತಿಗೆ’ ಅಂದಳು ಒಬ್ಬಳು. ‘ಯಾಕ ಹಿಂದೆ ಮುಂದೆ ನೋಡ್ತಿ? ಇವತ್ತು ಕೊಡೋರು ಬೆಂಗಳೂರೋರು.’

ಎಲ್ಲರೂ ನಕ್ಕರು. ಉಮಾಮಹೇಶ್ವರಿಗೂ ಒಂದು ಸೀರೆ ತೆಗೆದರು. ಬೇಡ ಅಂದಳು. ಬಿಡಲಿಲ್ಲ.

ಬಿಲ್ಲು ಇಪ್ಪತ್ತೆಂಟು ಸಾವಿರದ ಆರುನೂರಾಯಿತು. ಅಂಗಡಿಯ ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ ಗುಡ್ಡಪ್ಪ ಕಾರ್ಡನ್ನು ಮಣೆಯಂಥ ಒಂದು ಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಕಾಗದದ ಚೀಟಿ ಹಾಕಿ, ಹಿಡಿಕೆಯನ್ನು ಅತ್ತ ಇತ್ತ ಎಳೆದ. ಕಾರ್ಡಿನ ಉಬ್ಬು ಅಕ್ಷರ ಚೀಟಿಯ ಮೇಲೆ ಮೂಡಿತು. ಮೊತ್ತ ದೊಡ್ಡದು, ಬೆಂಗಳೂರಿಗೆ ಫೋನು ಮಾಡಿ ಒಪ್ಪಿಗೆ ಕೇಳಬೇಕು ಅಂದ. ನಂಬರನ್ನು ಒಂದೊಂದಾಗಿ ಓದಿದ. ಅತ್ತ ಕಡೆಯವರು ನೋಡುವವರೆಗೆ ಅಂಗಡಿಯಲ್ಲಿ ಮಾತು ನಿಂತಿತು. ನಾಗಭೂಷಣ ಬೆವರು ಒರೆಸಿಕೊಂಡ. ಹೆಂಡತಿಯ ಮನಸ್ಸಿನಲ್ಲಿ ಏನಿತ್ತೆಂದರೆ, ಆಗುವುದಿಲ್ಲ ಅಂತ ಹೇಳಲಪ್ಪ, ಹರಿಹರೇಶ್ವರ, ಅಂತ.

‘ಪಾಸಾತು ಸಾರ್’ ಅಂದ ಗುಡ್ಡಪ್ಪ.

ಗಾದಿಯ ಮೇಲೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಪರಮೇಶ್ವರಪ್ಪನವರು ಕಣ್ಣು ಒರೆಸಿಕೊಂಡರು. ತಾವು ಬಾಳೆಲ್ಲ ಬೇರೆಯವರಿಗೆ ಬರೆದ ಉದ್ರಿಯನ್ನು ಇವತ್ತು ಮಗನಿಗೆ ಬರೆದರು ಅನ್ನುವ ಸಂತೋಷ ಅದು. ಆ ಸಂತೋಷ ಸುಳ್ಳಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಬಿಲ್ಲು ಮದುವೆಗಿಂತ ಮೊದಲೇ ಬಂದಿತ್ತು. ಪೂರಾ ಕಟ್ಟಲು ದುಡ್ಡೆಲ್ಲಿ? ಕನಿಷ್ಠ ಕಟ್ಟಬೇಕಾದದ್ದು ಅಂತ ಬಿಲ್ಲಿನಲ್ಲೇ ಬರೆದಿತ್ತು, ನೂರಕ್ಕೆ ಐದರಂತೆ ಸಾವಿರದ ನಾನೂರ ಮೂವತ್ತು. ಒಂದು ತಿಂಗಳ ಮಾತು ಅಂತ ನಾಗಭೂಷಣ ಅಷ್ಟನ್ನೇ ಕಟ್ಟಿದ. ಮುಂದಿನ ಬಿಲ್ಲಿನಲ್ಲಿ ಬಡ್ಡಿಯೇ ಎಂಟುನೂರರ ಮೇಲೆ ಬಂತು. ಅಂದರೆ ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಸರಿ. ಅಸಲು ಜಾಗ ಬಿಟ್ಟು ಕದಲಲಿಲ್ಲ.

ಕೊಟ್ರಮ್ಮ ಮೋಸಗಾತಿಯಲ್ಲ. ಮುಯ್ಯಿ ಬಂದದ್ದರಲ್ಲಿ ಎಂಟು ಸಾವಿರ ತಂದುಕೊಟ್ಟಳು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಆರು ಕೊಟ್ಟಳು, ಶಿವರಾತ್ರಿಗೆ ನಾಲ್ಕು. ಅಣ್ಣನ ಪಾಲಿನ ಧಾರೆ ಸೀರೆ, ಬೀಗರ ಉಡುಗೊರೆ ಕಳೆದು ಅವಳಿಂದ ಇನ್ನು ನಾಲ್ಕು ಸಾವಿರದಷ್ಟು ಬರುವುದು ಉಳಿಯಿತು. ದುಡ್ಡು ಕೊಡುವಾಗಲೆಲ್ಲ ನಕ್ಕು, ‘ಒಂದೀಟು ಇರ್ಲಿ ಬಿಡಮ್ಮ, ಬಂದು ಹೋಗೋಕೆ ನೆಪ’ ಅನ್ನುತ್ತಿದ್ದಳು. ತೊಂದರೆ ಇದ್ದದ್ದು ಬೇರೆ ಕಡೆ. ಜವಳಿ ತೆಗೆದದ್ದು ಒಂದೇ ಗಂಟಿನಲ್ಲಿ, ದುಡ್ಡು ಬಂದದ್ದು ನೋಟು ನೋಟಾಗಿ. ಕೈಗೆ ಬಂದ ನೋಟಿಗೆ ಮನೆಯಲ್ಲಿ ನೂರು ದಾರಿ. ಅಂಕಿತಾಳ ಶಾಲೆಯ ಫೀಸು ಬಂತು, ಗ್ಯಾಸು ಮುಗಿಯಿತು, ಮಾವನವರ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಇವತ್ತು ಈ ನೋಟು ಬಳಸೋಣ, ಕಾರ್ಡು ಹೇಗೂ ಇದೆಯಲ್ಲ ಅನ್ನುವುದು ನಾಗಭೂಷಣನ ಬಾಯಲ್ಲಿ ದಿನವೂ ಬರತೊಡಗಿತು. ಕೊಟ್ರಮ್ಮ ತಂದ ಹದಿನೆಂಟರಲ್ಲಿ ಬ್ಯಾಂಕಿಗೆ ಹೋದದ್ದು ಒಂಬತ್ತು. ಮೇಲಾಗಿ ಕಾರ್ಡು ಉಜ್ಜುವುದೂ ನಿಲ್ಲಲಿಲ್ಲ. ಸ್ಕೂಟರಿನ ಟಯರು, ಸಾಹೇಬರು ಬಂದಾಗ ಹೋಟೆಲಿನ ಊಟ, ಹೊಸ ಮಿಕ್ಸಿ. ಬಾಕಿ ಇದ್ದದ್ದರಿಂದ ಪ್ರತಿಯೊಂದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಇದು ಈಗ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಕೈಯನ್ನು ತಡೆಯಲಿಲ್ಲ.

ಅವಳು ಜಗಳ ಆಡಲಿಲ್ಲ ಅಂತಲ್ಲ. ಆಡಿದಳು. ಮಿಕ್ಸಿ ಬಂದ ದಿನ ಅದನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ, ಒರಳಿನಲ್ಲೇ ರುಬ್ಬಿದಳು. ನಾಗಭೂಷಣ, ಸಂಬಳ ತರುವವನು ನಾನು ಅಂದ. ಅಂದ ಮೇಲೆ ಅವನೇ ಊಟ ಬಿಟ್ಟು ಎದ್ದ. ಎರಡು ದಿನ ಮಗಳ ಮೂಲಕ ಮಾತಾಡಿಕೊಂಡರು.

ಮಾರ್ಚಿ ಬಂತು. ಕಾರ್ಡಿನ ಬಾಕಿ ಇಪ್ಪತ್ತೇಳು ಸಾವಿರ. ಪೋಸ್ಟಾಫೀಸಿನಲ್ಲಿ ಇಪ್ಪತ್ತಾರು. ಸೈಟಿಗೆ ಬೇಕಾದದ್ದು ಮೂವತ್ತೆರಡು. ಕಾರ್ಖಾನೆಯಲ್ಲಿ ಓವರ್‌ಟೈಮು ನಿಲ್ಲಿಸಿದ್ದರು. ಒಂದು ಪಾಳಿಯನ್ನೇ ತೆಗೆಯುತ್ತಾರೆ ಅನ್ನುವ ಗುಸುಗುಸು ಬೇರೆ. ಗುತ್ತೆಪ್ಪ ಮನೆಗೆ ಬಂದು, ಇನ್ನೊಬ್ಬ ಗಿರಾಕಿ ಹೆಚ್ಚಿಗೆ ಕೊಡಲು ತಯಾರಿದ್ದಾನೆ, ನಿಮ್ಮ ಮುಖ ನೋಡಿ ಸುಮ್ಮನಿದ್ದೇನೆ ಅಂತ ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋದರು.

ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಕಾಗದ ಬಂತು. ಅದೇ ಬ್ಯಾಂಕು, ಅದೇ ಸಿಹಿ ಮಾತು. ನೀವು ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದೀರಿ, ನಿಮ್ಮ ಮಿತಿಯನ್ನು ಅರವತ್ತು ಸಾವಿರಕ್ಕೆ ಏರಿಸಲು ಸಂತೋಷಪಡುತ್ತೇವೆ.

ಭಾನುವಾರ. ನಾಗಭೂಷಣ ಕಾಗದ ಓದಿ ಹೇಳಿ, ಕೂತಲ್ಲೇ ದಾರಿ ಹುಡುಕಿದ. ಕಾರ್ಡಿನಿಂದ ನಗದೂ ತೆಗೆಯಬಹುದು. ಹುಬ್ಬಳ್ಳಿಗೆ ಹೋದರೆ ಸಿಗುತ್ತದೆ. ಆರು ಸಾವಿರ ತೆಗೆದು ಪೋಸ್ಟಾಫೀಸಿನದಕ್ಕೆ ಸೇರಿಸಿದರೆ ಗುತ್ತೆಪ್ಪನಿಗೆ ಕೊಟ್ಟು ರಿಜಿಸ್ಟ್ರಿ ಮಾಡಿಸಬಹುದು. ರಿಜಿಸ್ಟ್ರಿ ಖರ್ಚಿಗೂ ಅದರಲ್ಲೇ ತೆಗೆಯೋಣ. ಅರವತ್ತಕ್ಕೆ ಸಹಿ ಮಾಡಿದರೆ ಮುಂದೆ ಪಾಯಕ್ಕೂ ಆಗುತ್ತದೆ. ಅವನು ಹೇಳುತ್ತಾ ಹೋದಂತೆ ಅವನ ದನಿ ಏರುತ್ತಿತ್ತು. ನಗದಿಗೆ ಮೊದಲ ದಿನದಿಂದಲೇ ಬಡ್ಡಿ, ತೆಗೆದದ್ದಕ್ಕೆ ಬೇರೆ ಫೀಸು ಅಂತ ಕಾಗದದ ಹಿಂದೆ ಸಣ್ಣಕ್ಷರದಲ್ಲಿ ಇದ್ದದ್ದನ್ನೂ ಅವನೇ ಓದಿದ. ಓದಿ, ಅದೇನು ಮಹಾ ಅಂದ.

ಉಮಾಮಹೇಶ್ವರಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

‘ನಾ ಪೋಸ್ಟಾಫೀಸಿನ ಪುಸ್ತಕಕ್ಕೆ ಸಹಿ ಹಾಕ್ತೀನಿ’ ಅಂದಳು. ‘ಆದ್ರೆ ಸೈಟಿಗಲ್ಲ. ಕಾರ್ಡಿಗೆ.’

‘ತಲೆ ಕೆಟ್ಟೈತೇನು? ಸೈಟು ಹೋಗ್ತೈತೆ.’

‘ಹೋಗ್ಲಿ. ಸೈಟು ತಗೊಂಡು ತಿಂಗಳಾ ಎಂಟ್ನೂರೋ ಸಾವಿರಾನೋ ಬಡ್ಡಿ ಕಟ್ಟಿ, ಪಾಳಿ ತೆಗೆದ್ರೆ ಏನ್ ಮಾಡ್ತೀರಿ? ಆ ಸೈಟ್ನೂ ಮಾರಿ ಬ್ಯಾಂಕಿಗೇ ಕೊಡ್ತೀರಿ. ಬ್ಯಾಂಕಿನೋರು ಕಾಗದ ಬರೀತಾನೇ ಇರ್ತಾರೆ ರೀ. ಅರವತ್ತಾದ ಮ್ಯಾಲೆ ತೊಂಬತ್ತು ಬರ್ತೈತೆ.’

ನಾಗಭೂಷಣ ಅಪ್ಪನ ಕಡೆ ನೋಡಿದ. ಅವರು ಗೋಡೆಗೆ ಒರಗಿ, ಆಪರೇಷನ್ನಿನ ಕಪ್ಪು ಕನ್ನಡಕದಲ್ಲಿ ಕೂತಿದ್ದರು. ಅವನಿಗೆ ಅವರ ಬೆಂಬಲ ಬೇಕಾಗಿತ್ತು. ಮೊದಲ ಕಾಗದಕ್ಕೆ ಎದ್ದು ನಿಂತವರು ಅವರೇ ಅಲ್ಲವೇ.

‘ಈಗ ಬಾಕಿ ಎಷ್ಟೈತೆ?’ ಅಂತ ಕೇಳಿದರು ಅವರು.

ನಾಗಭೂಷಣ ಹೇಳಿದ.

‘ಎಷ್ಟು ತಿಂಗಳಿಂದ?’

‘ಐದು.’

ಮುದುಕರು ಮಗನಿಗೆ ಹೇಳಿದ ಹಾಗೂ ಅಲ್ಲ, ಸೊಸೆಗೆ ಹೇಳಿದ ಹಾಗೂ ಅಲ್ಲ, ಹೇಳಿದರು:

‘ಐದು ತಿಂಗಳು ಬಾಕಿ ಎಳೆಯೋನಿಗೆ ನಾವು ಉದ್ರಿ ಮುಚ್ತಿದ್ವಿ. ಮೊದ್ಲು ಹಳೇದು ಕೊಡಪ್ಪ, ಆಮೇಲೆ ಹೊಸಾ ಸೀರೆ ಬಿಚ್ಚು ಅಂತಿದ್ವಿ. ಇವರು ಬಾಕಿದಾರನಿಗೆ ಇನ್ನೂ ಹೆಚ್ಚಿಸ್ತೀವಿ ಅಂತಾರೆ. ಇದು ಯಾವ ಪ್ಯಾಟೆ ರೀತಿನೋ ನನಗ ತಿಳೀವಲ್ದು. ಮರ್ಯಾದಿ ಅಂದ್ಕೊಂಡಿದ್ದೆ ನಾನು.’

ಸೊಸೆ ಅವರ ಮುಂದೆ ನೀರಿನ ಚೊಂಬು ಇಟ್ಟಳು, ಅವರು ಅದನ್ನು ಮುಟ್ಟಲಿಲ್ಲ. ನಾಗಭೂಷಣ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಬರುವುದು ಕತ್ತಲಾಯಿತು. ಬಂದವನೇ, ಬೆಳಿಗ್ಗೆ ಪೋಸ್ಟಾಫೀಸಿಗೆ ಹೋಗೋಣ ಅಂದ. ಕಾಗದ ಎಲ್ಲಿ ಅಂತ ಅವಳು ಕೇಳಲಿಲ್ಲ.

ಇಪ್ಪತ್ತಾರನ್ನೂ ತೆಗೆದರು. ಮೇಲಿನ ಒಂದು ಸಾವಿರ ಸಂಬಳದಿಂದ ಹಾಕಿದರು. ಬೆಂಗಳೂರಿಗೆ ಡಿ.ಡಿ. ಹೋಯಿತು. ಅದರ ಜೊತೆ ಮಿತಿಯನ್ನು ಹತ್ತು ಸಾವಿರಕ್ಕೆ ಇಳಿಸಿ ಅಂತ ಒಂದು ಅರ್ಜಿಯನ್ನೂ ಇಡಬೇಕು ಅಂತ ಅವಳು ಹಟ ಹಿಡಿದಳು. ಹಾಗೆ ಇಳಿಸುವುದೂ ಉಂಟು, ಗಿರಾಕಿ ಕೇಳಿದರೆ ಸಾಕು ಅಂತ ಬಕ್ಕೇಶ ಹೇಳಿದ್ದ. ಅದನ್ನು ಬರೆಯುವಾಗ ನಾಗಭೂಷಣ ಎರಡು ಹಾಳೆ ಹರಿದು ಹಾಕಿದ. ಏರಿಸಿ ಅಂತ ಕೇಳುವುದರಲ್ಲಿ ಇಲ್ಲದ ನಾಚಿಕೆ ಇಳಿಸಿ ಅಂತ ಕೇಳುವುದರಲ್ಲಿ ಇತ್ತು. ಕಾರಣ ಏನು ಅಂತ ಬರೆಯಲಿ ಅಂದ. ಏನೂ ಬರೆಯಬೇಡಿ, ಇಳಿಸಿ ಅಂತ ಮಾತ್ರ ಬರೆಯಿರಿ ಅಂದಳು.

ಗುತ್ತೆಪ್ಪನ ಹತ್ತಿರ ಮೂವರೂ ಹೋದರು. ಬಹಳ ಹೊತ್ತು ಮಾತಾಯಿತು. ಕೊನೆಗೆ ಅವರು ಒಂದು ದಾರಿ ಕೊಟ್ಟರು. ಸೈಟನ್ನು ಅರ್ಧ ಮಾಡುವುದು. ಇಪ್ಪತ್ತು-ಮೂವತ್ತರದನ್ನು ನಲವತ್ತೆರಡು ಸಾವಿರಕ್ಕೆ ಇವರ ಹೆಸರಿಗೆ. ಇನ್ನರ್ಧ ಆ ಇನ್ನೊಬ್ಬ ಗಿರಾಕಿಗೆ. ಇವರು ಕೊಟ್ಟಿದ್ದರಲ್ಲಿ ಹೆಚ್ಚಾದ ಹತ್ತರ ಪೈಕಿ, ಮಾತು ತಪ್ಪಿದ್ದಕ್ಕೆ ಐದು ಸಾವಿರ ಹಿಡಿದುಕೊಂಡು ಐದು ವಾಪಸು. ಆ ಐದರಲ್ಲಿ ರಿಜಿಸ್ಟ್ರಿ ಖರ್ಚು ಆಗುತ್ತದೆ ಅಂತ ಅವರೇ ಲೆಕ್ಕ ಹೇಳಿದರು.

ಯುಗಾದಿ ಕಳೆದ ಮೇಲೆ ಅಳತೆಗೆ ಹೋದರು. ಬಿಸಿಲಿತ್ತು. ಸುತ್ತ ಮುಳ್ಳುಕಂಟಿ, ಅಲ್ಲಲ್ಲಿ ಒಂದೊಂದು ಹೊಸ ಮನೆ. ಗುತ್ತೆಪ್ಪನ ಕಡೆಯವನು ಟೇಪು ಹಿಡಿದ. ನಲವತ್ತಡಿಯ ಉದ್ದವನ್ನು ಇಪ್ಪತ್ತಕ್ಕೆ ಕಡಿದು ಎರಡು ಗೂಟ ಹೊಡೆದರು. ಹಗ್ಗದ ಒಂದು ತುದಿಯನ್ನು ಹಿಡಿಯಲು ಯಾರೋ ಬೇಕಾಯಿತು. ಪರಮೇಶ್ವರಪ್ಪನವರು ನಾನು ಹಿಡಿಯುತ್ತೇನೆ ಅಂದರು. ಅವರಿಗೆ ಬಿಸಿಲಲ್ಲಿ ಕಣ್ಣು ನೀರಾಡುತ್ತಿತ್ತು. ನಾಗಭೂಷಣ ಕೊಡೆ ಎತ್ತಿ ನೆರಳು ಮಾಡಿ ಪಕ್ಕದಲ್ಲಿ ನಿಂತ.

ಯಾವ ಅರ್ಧ ನಿಮಗೆ, ಮೂಡಣದ್ದೋ ಪಡುವಣದ್ದೋ, ಅಂತ ಕೇಳಿದರು. ಎಲ್ಲರೂ ಉಮಾಮಹೇಶ್ವರಿಯ ಕಡೆ ನೋಡಿದರು. ಅವಳು ಎರಡೂ ಕಡೆ ನಡೆದು ನೋಡಿದಳು. ಅಡುಗೆ ಮನೆ ಒಂದು, ಮಲಗಲು ಒಂದು, ಮುಂದೆ ಮಾವನವರ ಮಂಚ ಹಾಕುವಷ್ಟು ಪಡಸಾಲೆ. ಮನಸ್ಸಿನಲ್ಲಿ ಇಟ್ಟಿದ್ದ ಹಿತ್ತಲು, ಮಲ್ಲಿಗೆ ಬಳ್ಳಿ, ಬಾಡಿಗೆಗೆ ಕೊಡುವ ಒಂದು ಕೋಣೆ, ಎಲ್ಲ ಹಗ್ಗದ ಆಚೆ ಹೋಗಿದ್ದವು.

ಮೂಡಣದ್ದು ಅಂದಳು. ಗುತ್ತೆಪ್ಪನ ಕಡೆಯವನು ಹಗ್ಗದ ಗುಂಟ ಸುಣ್ಣ ಉದುರಿಸುತ್ತಾ ಹೋದ. ಅಂಕಿತಾ ಆ ಗೆರೆ ದಾಟಿ ಆಚೆ ಓಡಿದಳು. ಉಮಾಮಹೇಶ್ವರಿ ಅವಳ ಕೈ ಹಿಡಿದು ಈಚೆ ಕರೆದುಕೊಂಡು ಬಂದು, ಇಷ್ಟರಲ್ಲಿ ಆಡು ಅಂದಳು.